ಮೇಲಿನ ಎರಡು ಕೋಟಿ

ನಮ್ಮ ಅಕೌಂಟ್ಸ್ ವಿಭಾಗದಲ್ಲಿ ಮುಂಡಪ್ಪನವರ ಶೀಟ್ ಎಂದು ಒಂದಿತ್ತು. ಮುಂಡಪ್ಪನವರು ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು. ಅವರು ರಿಟೈರ್ ಆಗಿ ಊರಿಗೆ ಹೋಗಿ ಹದಿನೈದು ವರ್ಷವಾದರೂ ಕಂಪ್ಯೂಟರಿನಲ್ಲಿ ಆ ಎಕ್ಸೆಲ್ ಫೈಲಿನ ಹೆಸರು ಅವರದ್ದೇ. ಪ್ರತಿ ಏಪ್ರಿಲಿನಲ್ಲಿ ಅದನ್ನು ತೆರೆಯುವುದು, ಹಳೆಯ ಅಂಕಿಯ ಮೇಲೆ ಹೊಸ ಅಂಕಿ ಹಾಕುವುದು, ಕೆಳಗೆ ಬಂದ ಉತ್ತರವನ್ನು ಬರೆದುಕೊಳ್ಳುವುದು. ಒಳಗಿನ ಸೂತ್ರ ಏನು ಮಾಡುತ್ತಿದೆ ಎಂದು ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹೊಸಬರು ಯಾರಾದರೂ ಕೈ ಹಾಕಿದರೆ ನಾನೇ ಗದರುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯ ನಾನು.

ನನ್ನ ಹೆಸರು ಲೀಲಾಧರ. ಸಿಎ ಇಂಟರ್ ಪಾಸು, ಫೈನಲ್ ನಾಲ್ಕು ಸಲ ಫೇಲು. ಮನೆ ಡೊಂಬಿವ್ಲಿ, ಕೆಲಸ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಪಂಪ್ ತಯಾರಿಸುವ ಒಂದು ಕಂಪನಿಯಲ್ಲಿ. ಶೇರು ಮಾರುಕಟ್ಟೆಯಲ್ಲಿ ಹೆಸರಿರುವ ಕಂಪನಿಯಾದ್ದರಿಂದ ಪ್ರತಿ ವರ್ಷ ವಾರ್ಷಿಕ ವರದಿಯ ಪುಸ್ತಕ ಅಚ್ಚಾಗುತ್ತದೆ. ಅದರ ತೆರಿಗೆಯ ಪುಟ ಹದಿನೈದು ವರ್ಷ ನನ್ನದೇ ಕೈಬರಹ ಎಂದರೂ ನಡೆಯುತ್ತದೆ.

ಆ ಶೀಟು ಲೆಕ್ಕ ಹಾಕುತ್ತಿದ್ದದ್ದು ಡಿಫರ್ಡ್ ಟ್ಯಾಕ್ಸ್, ಅಂದರೆ ಮುಂದೆ ಕೊಡಬೇಕಾಗಿ ಬರುವ ತೆರಿಗೆ. ಒಂದು ಯಂತ್ರದ ಬೆಲೆಯನ್ನು ನಮ್ಮ ಪುಸ್ತಕದಲ್ಲಿ ಹದಿನೈದು ವರ್ಷಕ್ಕೆ ಹಂಚಿ ಖರ್ಚು ಬರೆದು ಸವೆಸುತ್ತೇವೆ. ಆದಾಯ ತೆರಿಗೆ ಇಲಾಖೆ ಅದಕ್ಕಿಂತ ಬೇಗ ಸವೆಸಲು ಬಿಡುತ್ತದೆ. ಹಾಗಾಗಿ ಮೊದಲ ವರ್ಷಗಳಲ್ಲಿ ತೆರಿಗೆ ಕಡಿಮೆ ಕಟ್ಟುತ್ತೇವೆ, ಆಮೇಲೆ ಹೆಚ್ಚು ಕಟ್ಟಬೇಕು. ಆ ಆಮೇಲಿನದ್ದನ್ನು ಈಗಲೇ ಖರ್ಚು ಎಂದು ಬರೆದಿಡಬೇಕು. ಪುಸ್ತಕದ ಬೆಲೆಯಿಂದ ಇಲಾಖೆಯ ಬೆಲೆ ಕಳೆದು, ಉಳಿದದ್ದಕ್ಕೆ ತೆರಿಗೆ ದರ ಹಚ್ಚಿದರೆ ಆಯಿತು. ಆದರೆ ಲೀಸಿಗೆ ಪಡೆದ ಜಾಗ ಇದರಲ್ಲಿ ಸೇರಬಾರದು. ಜಾಗ ಹಿಡಿಯುವಾಗ ಒಮ್ಮೆಗೇ ಕೊಟ್ಟ ಪ್ರೀಮಿಯಮ್ಮಿನಲ್ಲಿ ಒಂದು ಪೈಸೆಯನ್ನೂ ಇಲಾಖೆ ಖರ್ಚು ಎಂದು ಒಪ್ಪುವುದಿಲ್ಲ, ಈಗಲೂ ಇಲ್ಲ, ಮುಂದೆಯೂ ಇಲ್ಲ. ಈಗ ತೆರಿಗೆ ಉಳಿದೇ ಇಲ್ಲದ ಮೇಲೆ ಆಮೇಲೆ ಕಟ್ಟುವ ಮಾತೆಲ್ಲಿ?

ಮುಂಡಪ್ಪನವರ ಶೀಟು ಪುಸ್ತಕದ ಬೆಲೆಯನ್ನು ಆಸ್ತಿಪಟ್ಟಿಯ ಕಟ್ಟಕಡೆಯ ಒಟ್ಟು ಮೊತ್ತದಿಂದ ಎತ್ತಿಕೊಳ್ಳುತ್ತಿತ್ತು. ಆ ಮೊತ್ತದಲ್ಲಿ ಜಾಗವೂ ಸೇರಿತ್ತು, ಇಲಾಖೆಯ ಬೆಲೆಯಲ್ಲಿ ಜಾಗಕ್ಕೆ ಸೊನ್ನೆ. ವಾಗ್ಳೆ ಎಸ್ಟೇಟಿನ ಜಾಗ ಅರವತ್ತರ ದಶಕದ ಲೀಸು, ಕೆಲವು ಸಾವಿರ ರೂಪಾಯಿ. ಲಕ್ಷಗಳಲ್ಲಿ ಬರೆಯುವ ಲೆಕ್ಕದಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಾಣುತ್ತಿರಲಿಲ್ಲ. 2012ರಲ್ಲಿ ಕಂಪನಿ ನವಿ ಮುಂಬಯಿಯ ತಳೋಜಾದಲ್ಲಿ ಎರಡನೇ ಫ್ಯಾಕ್ಟರಿಗೆಂದು ಆರು ಕೋಟಿ ಪ್ರೀಮಿಯಂ ಕೊಟ್ಟು ತೊಂಬತ್ತೈದು ವರ್ಷಕ್ಕೆ ಜಾಗ ಹಿಡಿಯಿತು. ಆ ಆರು ಕೋಟಿಯೂ ಅದೇ ಕಾಲಮ್ಮಿಗೆ ಹೋಗಿ ಕೂತಿತು. ಆಗ ದರ ಶೇಕಡಾ 32.445. ಇಲ್ಲದ ತೆರಿಗೆ ಒಂದು ಕೋಟಿ ತೊಂಬತ್ತೈದು ಲಕ್ಷ ನನ್ನ ಕೈಯಿಂದಲೇ ಖರ್ಚಿಗೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ.

ಆ ವರ್ಷ ತೆರಿಗೆಗೆ ಮೊದಲಿನ ಲಾಭ ಇಪ್ಪತ್ತು ಕೋಟಿ. ತೆರಿಗೆ ಎಂಟು ಕೋಟಿ ನಲವತ್ತನಾಲ್ಕು ಲಕ್ಷ. ಉಳಿದ ನಿವ್ವಳ ಲಾಭ ಹನ್ನೊಂದೂವರೆ ಕೋಟಿ, ಹಿಂದಿನ ವರ್ಷಕ್ಕಿಂತ ಎಂಬತ್ತು ಚಿಲ್ಲರೆ ಲಕ್ಷ ಕಡಿಮೆ. ಯೂನಿಯನ್ ಜೊತೆಗಿನ ಒಪ್ಪಂದದಲ್ಲಿ ಒಂದು ಮಾತಿತ್ತು: ನಿವ್ವಳ ಲಾಭ ಹಿಂದಿನ ವರ್ಷಕ್ಕಿಂತ ಇಳಿಯದಿದ್ದರೆ ಕಾರ್ಮಿಕರಿಗೆ ದೀಪಾವಳಿಗೆ ಒಂದೂವರೆ ತಿಂಗಳ ಸಂಬಳ ಹೆಚ್ಚಿಗೆ. ಲಾಭ ಇಳಿದಿತ್ತು, ಹಾಗಾಗಿ ಕೊಡಲಿಲ್ಲ. ಲಾಭ ಕಡಿಮೆ ಕಂಡದ್ದಕ್ಕೆ ಮಾಲೀಕರೂ ಅಂಥಾ ಬೇಸರ ಪಟ್ಟ ಹಾಗೆ ಕಾಣಲಿಲ್ಲ.

ಇದನ್ನು ಹಿಡಿದವನು ಶಿವರಾಯ. ಕಲಬುರಗಿ ಕಡೆಯವನು, ಲೋಡಿಂಗಿನಲ್ಲಿ ಪಂಪಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವವನು, ಯೂನಿಯನ್ನಿನ ಖಜಾಂಚಿ. ಕಂಪನಿಯ ಹತ್ತು ಶೇರು ಅವನ ಹೆಸರಿನಲ್ಲಿದ್ದವು. ಲಾಭಕ್ಕಲ್ಲ, ವಾರ್ಷಿಕ ವರದಿ ಪೋಸ್ಟಿನಲ್ಲಿ ಮನೆಗೆ ಬರಲಿ ಎಂದು. ಏಳನೇ ಇಯತ್ತೆ ಓದಿದವನು ಆ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದ. ಗೇಟಿನ ಮೀಟಿಂಗಿನಲ್ಲಿ ಎದ್ದು ನಿಂತು, ಕಂಪನಿ ಸುಳ್ಳು ಟ್ಯಾಕ್ಸ್ ಬರೆದು ನಮ್ಮ ದೀಪಾವಳಿ ನುಂಗಿದೆ ಎಂದ. ಮ್ಯಾನೇಜ್‌ಮೆಂಟಿಗೆ ಅಷ್ಟೇ ಬೇಕಿತ್ತು. ಕಂಪನಿಯ ಮೇಲೆ ದುರುದ್ದೇಶದಿಂದ ಸುಳ್ಳು ಆರೋಪ ಹೊರಿಸಿದನೆಂದು ಚಾರ್ಜ್‌ಶೀಟ್ ಕೊಟ್ಟು, ಒಳಗಿನ ವಿಚಾರಣೆ ಶುರು ಮಾಡಿದರು.

ವಿಚಾರಣೆಗೆ ಕಂಪನಿಯ ಸಾಕ್ಷಿ ನಾನು. ಕ್ಯಾಂಟೀನಿನ ಮೇಲಿನ ಕೋಣೆ, 2013ರ ಡಿಸೆಂಬರ್. ಲೆಕ್ಕಪತ್ರ ಸರಿಯಾಗಿದೆ, ಆಡಿಟರು ಸಹಿ ಮಾಡಿದ್ದಾರೆ ಎಂದು ಹೇಳಿದೆ. ಸಾಕ್ಷಿಗೆ ಪ್ರಶ್ನೆ ಕೇಳುವ ಹಕ್ಕು ಆಪಾದಿತನಿಗೆ ಇರುತ್ತದೆ. ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ ಶಿವರಾಯ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ. ನಾನು ತನ್ನ ಕಡೆಯವನು ಎಂಬ ಭ್ರಮೆ ಇರಬೇಕು.

"ಸಾಹೇಬ್ರ, ನೂರಕ್ಕ ಮೂವತ್ತೆರಡೂವರಿ ಅಂತ ಸರ್ಕಾರ ಹೇಳ್ತದ. ಇಪ್ಪತ್ತ ಕೋಟಿಗಿ ಆರೂವರಿ ಕೋಟಿ ಆತು. ನೀವು ಬರದದ್ದು ಎಂಟೂವರಿ ಹತ್ರ ಅದ. ಮ್ಯಾಲಿನ ಎರಡ ಕೋಟಿ ಯಾವ ಲೆಕ್ಕದ್ದು? ಅದೊಂದು ಹೇಳ್ರಿ, ನಾ ಬಾಯಿ ಮುಚ್ಚತೀನಿ."

ಈಗ ಯೋಚಿಸಿದರೆ ಮೈ ಉರಿಯುತ್ತದೆ. ನನ್ನ ವಿದ್ಯೆಯಲ್ಲಿ ಅದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ದರದ ಪ್ರಕಾರ ಇಷ್ಟು ಬರಬೇಕು, ಬಂದದ್ದು ಇಷ್ಟು, ನಡುವಿನದ್ದು ಯಾಕೆ. ನಾನು ಒಂದು ನಿಮಿಷ ತೆಗೆದುಕೊಂಡು ಫೈಲು ತೆರೆದು ನೋಡಿದ್ದರೆ ಸಾಕಿತ್ತು. ನನಗೆ ಆ ಹೊತ್ತಿಗೆ ಬಂದದ್ದು ಸಿಟ್ಟು. ಪೆಟ್ಟಿಗೆ ಹೊರುವವನು ನನಗೆ ತೆರಿಗೆ ಪಾಠ ಮಾಡುವುದೇ ಎಂದು.

"ಅದು ಡಿಫರ್ಡ್ ಟ್ಯಾಕ್ಸ್. ನಿಮಗೆ ಅರ್ಥ ಆಗುವ ವಿಷಯ ಅಲ್ಲ," ಎಂದೆ. ವಿಚಾರಣೆಯ ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ಜನವರಿಯಲ್ಲಿ ಶಿವರಾಯನನ್ನು ಕೆಲಸದಿಂದ ತೆಗೆದರು. ಅವನು ಠಾಣೆಯ ಲೇಬರ್ ಕೋರ್ಟಿಗೆ ಹೋದ. ಕೇಸು ನಡೆಯುತ್ತ ಹೋಯಿತು, ನಾನು ಅದನ್ನು ಮರೆಯುತ್ತ ಹೋದೆ.

ಮರೆಯಲು ಬಿಡದ್ದು ಹೊಸ ಲೆಕ್ಕಶಾಸ್ತ್ರದ ನಿಯಮ. 2017-18ರಿಂದ ನಮ್ಮಂಥ ಸಣ್ಣ ಲಿಸ್ಟೆಡ್ ಕಂಪನಿಗಳಿಗೂ ಇಂಡ್ ಎಎಸ್ ಬಂತು. ಅದರಲ್ಲಿ ತೆರಿಗೆಯ ಟಿಪ್ಪಣಿಯೊಳಗೆ ಒಂದು ಹೊಸ ಪಟ್ಟಿ ಕೊಡಬೇಕು. ಮೊದಲ ಸಾಲು, ಲಾಭಕ್ಕೆ ಕಾನೂನಿನ ದರ ಹಚ್ಚಿದರೆ ಬರುವ ತೆರಿಗೆ. ಕೊನೆಯ ಸಾಲು, ನಾವು ನಿಜವಾಗಿ ಬರೆದ ತೆರಿಗೆ. ನಡುವೆ ವ್ಯತ್ಯಾಸದ ಕಾರಣಗಳು, ಒಂದೊಂದಾಗಿ, ಹೆಸರು ಹೇಳಿ. ಶಿವರಾಯ ಕ್ಯಾಂಟೀನಿನ ಮೇಲೆ ಕೇಳಿದ್ದನ್ನು ನಾಲ್ಕು ವರ್ಷದ ಮೇಲೆ ಸರ್ಕಾರವೇ ಕೇಳಿತ್ತು. ಸರ್ಕಾರಕ್ಕೆ ಅರ್ಥ ಆಗುವ ವಿಷಯ ಅಲ್ಲ ಎಂದು ಹೇಳುವಂತಿರಲಿಲ್ಲ.

2018ರ ಮೇ ಮೊದಲ ವಾರ ನಾನು ಆ ಪಟ್ಟಿಗೆ ಕೂತೆ. ಹೋಲಿಕೆಗೆ ಹಿಂದಿನ ವರ್ಷದ್ದೂ ಬೇಕು, ಅದನ್ನೇ ಮೊದಲು ಮಾಡಿದೆ. ದರ 34.608. ಸಮಾಜಸೇವೆಗೆಂದು ಕೊಟ್ಟ ಸಿಎಸ್ಆರ್ ಖರ್ಚಿಗೆ ತೆರಿಗೆಯಲ್ಲಿ ವಿನಾಯಿತಿ ಇಲ್ಲ, ಅದು ಕೂಡಬೇಕು. ಸಂಶೋಧನೆಯ ಖರ್ಚಿಗೆ ಇಮ್ಮಡಿ ವಿನಾಯಿತಿ, ಅದು ಕಳೆಯಬೇಕು. ಇನ್ನೊಂದೆರಡು ಸಣ್ಣ ಸಾಲು. ಹಾಕಿ ನೋಡಿದರೆ ಕೊನೆಯ ರೂಪಾಯಿಯವರೆಗೆ ತಾಳೆ. ನಮ್ಮ ಕೆಲಸದಲ್ಲಿ ಎಲ್ಲರೂ ಕಡೆಯಲ್ಲಿ 'ಇತರೆ' ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದರ ಅಗತ್ಯವೇ ಬೀಳಲಿಲ್ಲ. ಸಿಎ ಫೈನಲ್ ಫೇಲಾದವನ ಕೆಲಸ ನೋಡಿ ಎಂದು ಎದೆ ಉಬ್ಬಿಸಿಕೊಂಡು ಚಹಾ ತರಿಸಿ ಕುಡಿದೆ.

ಚಹಾ ಮುಗಿಯುವ ಮೊದಲೇ ನೆನಪಾಯಿತು. ತಳೋಜಾದ ಜಾಗ. ಆರು ಕೋಟಿಯನ್ನು ತೊಂಬತ್ತೈದು ವರ್ಷಕ್ಕೆ ಹಂಚಿ ಪ್ರತಿ ವರ್ಷ ಆರು ಲಕ್ಷ ಮೂವತ್ತು ಸಾವಿರ ಖರ್ಚು ಬರೆಯುತ್ತೇವೆ. ಇಲಾಖೆ ಅದನ್ನು ಒಪ್ಪುವುದಿಲ್ಲ. ಹಾಗಾದರೆ ಅದರ ತೆರಿಗೆ ಎರಡು ಲಕ್ಷ ಹದಿನೆಂಟು ಸಾವಿರ ಈ ಪಟ್ಟಿಯಲ್ಲಿ ಒಂದು ಸಾಲಾಗಿ ಇರಲೇಬೇಕು. ಆ ಸಾಲು ಹಾಕಿದೆ. ತಾಳೆ ತಪ್ಪಿತು, ಸರಿಯಾಗಿ ಎರಡು ಲಕ್ಷ ಹದಿನೆಂಟು ಸಾವಿರಕ್ಕೆ. ತೆಗೆದೆ, ತಾಳೆ ಬಂತು. ಇರಬೇಕಾದ ಸಾಲು ಇದ್ದರೆ ತಪ್ಪು, ಇಲ್ಲದಿದ್ದರೆ ಸರಿ. ಅಂದರೆ ಅಷ್ಟೇ ಮೊತ್ತದ ಉಲ್ಟಾ ತಪ್ಪು ಬೇರೆಲ್ಲೋ ಕೂತು ಇದನ್ನು ಮುಚ್ಚುತ್ತಿದೆ.

ಮುಂಡಪ್ಪನವರ ಶೀಟು ತೆರೆದೆ. ಮೊದಲ ಸಲ ಸೂತ್ರದ ಮೇಲೆ ಕ್ಲಿಕ್ ಮಾಡಿದೆ. ಜಾಗ ಅಲ್ಲೇ ಇತ್ತು. ಪ್ರತಿ ವರ್ಷ ಜಾಗದ ಬೆಲೆ ಆರು ಲಕ್ಷ ಇಳಿದಾಗ ಸುಳ್ಳು ತೆರಿಗೆಯೂ ಎರಡು ಲಕ್ಷ ಇಳಿದು ಲೆಕ್ಕ ಸರಿದೂಗಿಸುತ್ತಿತ್ತು. ಅದು ಹುಟ್ಟಿದ್ದು ಯಾವಾಗ ಎಂದು ಹಿಂದೆ ಹಿಂದೆ ಹೋದೆ. 2012-13. ಇಪ್ಪತ್ತು ಕೋಟಿ, ಎಂಟು ಕೋಟಿ ನಲವತ್ತನಾಲ್ಕು ಲಕ್ಷ. ಸರಿ ಮಾಡಿದರೆ ತೆರಿಗೆ ಆರೂವರೆ. ನಿವ್ವಳ ಲಾಭ ಹದಿಮೂರೂವರೆ. ಹಿಂದಿನ ವರ್ಷಕ್ಕಿಂತ ಒಂದು ಕೋಟಿ ಹೆಚ್ಚು.

ಶಿವರಾಯ ಹೇಳಿದ್ದು ಅಕ್ಷರಶಃ ನಿಜ. ಯಾರೂ ಬೇಕೆಂದು ಮಾಡಿದ್ದಲ್ಲ ಎಂಬುದೊಂದೇ ವ್ಯತ್ಯಾಸ, ಅದರಿಂದ ಅವನಿಗೇನು?

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ರಿತೇಶನ ಕ್ಯಾಬಿನ್ನಿಗೆ ಹೋದೆ. ರಿತೇಶ್ ನಮ್ಮ ಸಿಎಫ್ಒ, ಹಣಕಾಸಿನ ಮುಖ್ಯಸ್ಥ, ಮೂವತ್ತೆಂಟು ವರ್ಷ, ನಮ್ಮ ಕರಾವಳಿ ಕಡೆಯ ಹೊಟೇಲಿನವರ ಮಗ, ಹುಟ್ಟಿ ಬೆಳೆದದ್ದು ಠಾಣೆ. ಎಲ್ಲವನ್ನೂ ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು. ಆ ಶಿವರಾಯನ ಕೇಸಿಗೂ ಇದಕ್ಕೂ ಸಂಬಂಧ ಬರುತ್ತದೆ, ಅವನು ಕೇಳಿದ್ದು ಇದನ್ನೇ, ಎಂದು ಅದನ್ನೂ ಸೇರಿಸಿದೆ. ಪ್ರಾಮಾಣಿಕ ಮನುಷ್ಯ ಎನಿಸಿಕೊಳ್ಳುವ ಚಪಲ.

ರಿತೇಶ್ ಅಂಕಿಗಳನ್ನು ಎರಡು ಸಲ ನೋಡಿದ. ಇಂಡ್ ಎಎಸ್‌ಗೆ ಬದಲಾಗುವಾಗ ಲೀಸಿನ ಜಾಗವನ್ನು ಆಸ್ತಿಪಟ್ಟಿಯಿಂದ ತೆಗೆದು ಮುಂಗಡ ಬಾಡಿಗೆ ಎಂದು ತೋರಿಸುವುದು ಹೇಗೂ ಇದೆ, ಅದರ ಜೊತೆಗೇ ಈ ಎರಡು ಕೋಟಿಯನ್ನೂ 2016ರ ಏಪ್ರಿಲ್ ಒಂದರ ಆರಂಭದ ಬಾಕಿಯಲ್ಲಿ ತಿರುಗಿಸಿಬಿಡಿ, 'ಬದಲಾವಣೆಯ ಹೊಂದಾಣಿಕೆ' ಎಂದು ಒಂದೇ ಸಾಲು, ಎಂದ. ಹೊಸ ನಿಯಮದಲ್ಲಿ ಹಳೆಯ ತಪ್ಪನ್ನು ನೀತಿಯ ಬದಲಾವಣೆಯ ಜೊತೆ ಬೆರೆಸಬಾರದು, ಬೇರೆಯಾಗಿ ತೋರಿಸಬೇಕು ಎಂದಿದೆ. ಅದನ್ನು ನಾನು ಹೇಳಿದೆ. ಅವನು ಪೆನ್ನು ಕೆಳಗಿಟ್ಟ.

"ಅಂಕಲ್, ತಪ್ಪು ಅಂತ ಬರೆದ್ರೆ ಬೋರ್ಡ್ ಪೂಛೇಗಾ, ಯಾರದ್ದು ಅಂತ. ನಿಮ್ಮ ಹೆಸರು ನಾನು ಎಲ್ಲಿ ಅಡಗಿಸ್ಲಿ? ಜೂನ್‌ಗೆ ನಿಮ್ಗೆ ಐವತ್ತೆಂಟು. ಎಕ್ಸ್‌ಟೆನ್ಷನ್ ಫೈಲು ನನ್ನ ಟೇಬಲ್ ಮೇಲೇ ಉಂಟು."

ಎರಡು ವರ್ಷದ ಎಕ್ಸ್‌ಟೆನ್ಷನ್. ಮನೆಯ ಸಾಲದ ಕಂತು ಇನ್ನೂ ಹತ್ತೊಂಬತ್ತು ತಿಂಗಳು ಬಾಕಿ. ನಾನು ಎದ್ದು ಬಂದೆ, ಆ ಒಂದು ಸಾಲು ಬರೆದೆ.

ಆಡಿಟಿಗೆ ಬಂದವಳು ಊರ್ಮಿಳಾ ಎಂಬ ಹುಡುಗಿ, ಚುರುಕು. ಇದು ನಿಯಮ ಬದಲಾದದ್ದರಿಂದ ಬಂದ ವ್ಯತ್ಯಾಸವೋ, ಹಳೆಯ ತಪ್ಪೋ ಎಂದು ನೇರವಾಗಿ ಕೇಳಿದಳು. ನಿಯಮದ್ದು ಎಂದೆ. ಅವಳು ನನ್ನ ಬಿಳಿ ತಲೆ ನೋಡಿದಳು, ಹಸಿರು ಪೆನ್ನಿನಲ್ಲಿ ಟಿಕ್ ಮಾಡಿದಳು. ತೆರಿಗೆಯ ಪಟ್ಟಿಯಲ್ಲಿ ಈಗ ಲೀಸಿನ ಸಾಲು ಇತ್ತು, ಎರಡು ಲಕ್ಷ ಹದಿನೆಂಟು ಸಾವಿರ, ತಾಳೆಯೂ ಇತ್ತು. ನೋಡಲು ಬಹಳ ಚೆಂದ.

ನಾನು ಸಂಪೂರ್ಣ ಹೊಲಸು ಮನುಷ್ಯ ಎಂದು ತಿಳಿಯಬೇಡಿ. ನನ್ನದೊಂದು ಯೋಜನೆ ಇತ್ತು. ಎಕ್ಸ್‌ಟೆನ್ಷನ್ ಕಾಗದ ಕೈಗೆ ಬರಲಿ, ಆಮೇಲೆ ಶಿವರಾಯನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ. ಹಳೆಯ ಶೀಟು, ಹೊಸ ಪಟ್ಟಿ, ಎರಡನ್ನೂ ಕೊಡುತ್ತೇನೆ. ಅವನ ವಕೀಲ ಬೇಕಾದರೆ ನನ್ನನ್ನು ಕೋರ್ಟಿಗೆ ಕರೆಸಲಿ, ಹೇಳುತ್ತೇನೆ. ನಾಲ್ಕು ವರ್ಷ ಕಾದವನು ಮೂರು ವಾರ ಕಾಯಲಾರನೇ? ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ದಿನವೂ ಎಂಟು ಹದಿನೇಳರ ಲೋಕಲ್ಲಿನಲ್ಲಿ ಠಾಣೆಗೆ ಹೋಗಿ ಬಂದೆ. ಮೇ ಇಪ್ಪತ್ತೆಂಟಕ್ಕೆ ಬೋರ್ಡು ಲೆಕ್ಕಪತ್ರ ಒಪ್ಪಿತು. ಮೂವತ್ತೊಂದಕ್ಕೆ ಎಕ್ಸ್‌ಟೆನ್ಷನ್ ಕಾಗದ ಬಂತು. ಜೂನ್ ಮೂರು, ಭಾನುವಾರ, ಕಾಗದಗಳ ಜೆರಾಕ್ಸ್ ಬ್ಯಾಗಿಗೆ ಹಾಕಿಕೊಂಡು ಡೊಂಬಿವ್ಲಿಯಲ್ಲಿ ಅಂಬರನಾಥ ಲೋಕಲ್ ಹತ್ತಿ ವಿಠ್ಠಲವಾಡಿಯಲ್ಲಿ ಇಳಿದೆ.

ಶಿವರಾಯನಿದ್ದ ಸಾಲುಮನೆಗಳ ಚಾಳಿನ ವಿಳಾಸ ವಿಚಾರಣೆಯ ಫೈಲಿನಲ್ಲಿತ್ತು. ಬಾಗಿಲು ತೆರೆದದ್ದು ಅವನ ಹೆಂಡತಿ ಭೀಮಮ್ಮ. ಕಂಪನಿಯಿಂದ ಬಂದೆ ಎಂದ ಕೂಡಲೇ ಆಕೆಯ ಮುಖ ಅರಳಿತು. ಬೈಗುಳಕ್ಕೆ ತಯಾರಾಗಿ ಹೋದವನಿಗೆ ಆಗಲೇ ಅನುಮಾನ ಬರಬೇಕಿತ್ತು. ಕುರ್ಚಿ ಒರೆಸಿ ಕೂರಿಸಿದಳು, ಚಹಾಕ್ಕೆ ಇಟ್ಟಳು. ಶಿವರಾಯ ಒಳಗಿಂದ ಬಂದ. ಬನಿಯನ್ನು, ಪೂರಾ ಬಿಳಿಯಾದ ಮೀಸೆ. ಶಹಾಡದ ಒಂದು ಗೋದಾಮಿನಲ್ಲಿ ವಾಚ್‌ಮನ್ ಆಗಿದ್ದೇನೆ ಎಂದ. ನಾನು ಬ್ಯಾಗಿನ ಜಿಪ್ಪಿಗೆ ಕೈ ಹಾಕುವಷ್ಟರಲ್ಲಿ ಭೀಮಮ್ಮನೇ ಹೇಳಿದಳು, ಕಂಪನಿಯವರು ಕಡೆಗೂ ದೊಡ್ಡ ಮನಸ್ಸು ಮಾಡಿದರು, ನಿಮ್ಮಂಥವರು ಒಳಗಿದ್ದು ಹೇಳಿದ್ದಕ್ಕೇ ಇದಾಯಿತು ಎಂದು.

ಏನಾಯಿತು ಎಂದು ಕೇಳಿದೆ. ಶಿವರಾಯ ಒಂದು ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಕೊಟ್ಟ. ಕೋರ್ಟಿನ ಹೊರಗೆ ರಾಜಿ. ನಾಲ್ಕು ವರ್ಷ ಒಂದು ಲಕ್ಷದ ಮೇಲೆ ಒಂದು ಪೈಸೆ ಏರದ ಕಂಪನಿ ಮೇ ತಿಂಗಳಲ್ಲಿ ತಾನಾಗಿ ವಕೀಲನನ್ನು ಕಳಿಸಿ ನಾಲ್ಕು ಲಕ್ಷ ಕೊಡುತ್ತೇನೆ, ಈ ವಾರವೇ ಆಗಬೇಕು ಎಂದಿತ್ತು. ತಾರೀಖು ನೋಡಿದೆ. ಮೇ ಹತ್ತೊಂಬತ್ತು. ನಾನು ರಿತೇಶನ ಮುಂದೆ ಪ್ರಾಮಾಣಿಕನಾಗಿ ಹತ್ತು ದಿನಕ್ಕೆ. ಶಿವರಾಯನ ಹೆಸರನ್ನು ಅವನ ಕಿವಿಗೆ ಹಾಕಿದವನು ನಾನೇ.

ಕಾಗದದಲ್ಲಿ ನಾಲ್ಕನೇ ಅಂಶ ಹೀಗಿತ್ತು: 2012-13ರ ತೆರಿಗೆ ಮತ್ತು ಲಾಭದ ಬಗ್ಗೆ ನಾನು ಆಡಿದ ಮಾತು ಸುಳ್ಳು, ಅಜ್ಞಾನದಿಂದ ಆಡಿದ್ದು, ಅದಕ್ಕಾಗಿ ಕಂಪನಿಯ ಕ್ಷಮೆ ಕೇಳುತ್ತೇನೆ. ಕೆಳಗೆ ಶಿವರಾಯನ ಸಹಿ, ದೇವನಾಗರಿಯಲ್ಲಿ, ಒಂದೊಂದು ಅಕ್ಷರ ಬಿಡಿಸಿ ಬರೆದದ್ದು.

ಅದಕ್ಕೆ ಎರಡು ದಿನ ಸಹಿ ಹಾಕದೆ ಕೂತಿದ್ದೆ ಎಂದ. ಭೀಮಮ್ಮ ಅತ್ತಳಂತೆ. ಮಗಳು ಮಲ್ಲಿಕಾ ಕಲ್ಯಾಣದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಎರಡನೇ ವರ್ಷದ ಫೀಸಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಅವನು ಇದೆಲ್ಲ ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ನೋಡಿದ.

"ಸಾಹೇಬ್ರ, ಲೆಕ್ಕ ಬಲ್ಲವರು ನೀವು. ಆ ಟ್ಯಾಕ್ಸು ಖರೇನೆ ಇತ್ತಲ್ಲ? ನಾನೇ ತಪ್ಪ ತಿಳಕೊಂಡಿದ್ನಲ್ಲ?"

ಜೆರಾಕ್ಸುಗಳು ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿದ್ದವು. ಮೋಸದಿಂದ ಮಾಡಿಸಿಕೊಂಡ ರಾಜಿಯನ್ನು ಕೋರ್ಟಿನಲ್ಲಿ ಮುರಿಸಬಹುದು, ನನಗೆ ಗೊತ್ತಿಲ್ಲದ್ದಲ್ಲ. ಎಕ್ಸ್‌ಟೆನ್ಷನ್ ಕಾಗದವೂ ಅದೇ ಬ್ಯಾಗಿನ ಒಳಜೇಬಿನಲ್ಲಿತ್ತು. ಇನ್ನೊಂದನ್ನೂ ಹೇಳಬೇಕು. ಅವನು ಕೇಳಿದ ರೀತಿಯಲ್ಲಿ ಹೌದು ಎಂಬ ಉತ್ತರಕ್ಕೆ ಅಂಗಲಾಚುವುದಿತ್ತು. ತಾನು ಸಹಿ ಹಾಕಿದ್ದು ಸುಳ್ಳಿಗಲ್ಲ ಎಂದು ಯಾರಾದರೂ ಹೇಳಬೇಕಿತ್ತು ಅವನಿಗೆ. ಅವನ ಒಳ್ಳೆಯದಕ್ಕೇ ಎಂದು ನಾನು ಆ ಹೊತ್ತಿಗೆ ಅಂದುಕೊಂಡೆ. ಎಂಥ ನಾಚಿಕೆಗೇಡಿಗೂ ಅಂದುಕೊಳ್ಳಲು ಏನಾದರೊಂದು ಸಿಗುತ್ತದೆ.

"ಹೌದು. ಸರಿಯಿತ್ತು," ಎಂದೆ.

ಅವನ ಹೆಗಲು ಇಳಿಯಿತು. ನಾಲ್ಕು ವರ್ಷ ಹೊತ್ತ ಪೆಟ್ಟಿಗೆ ಇಳಿಸಿದ ಹಾಗೆ ಉಸಿರು ಬಿಟ್ಟ. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ನಾಲ್ಕು ಮಂದಿಯ ಎದುರು ನಿಮ್ಮ ಮೇಲೆ ಸಂಶಯ ಪಟ್ಟೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ನನ್ನ ಕ್ಷಮೆ ಕೇಳಿದ. ನನ್ನ ಕ್ಷಮೆ. ಭೀಮಮ್ಮ ಚಹಾದ ಜೊತೆ ಕುರುಕಲು ತಟ್ಟೆ ಇಟ್ಟಳು. ತಿಂದೆ.

ಹೊರಡುವಾಗ ಮೆಟ್ಟಿಲವರೆಗೆ ಬಂದ. ಶೇರು ಇನ್ನೂ ಇಟ್ಟುಕೊಂಡಿದ್ದೇನೆ, ಈ ವರ್ಷದ ಪುಸ್ತಕ ಯಾವಾಗ ಬರುತ್ತದೆ ಎಂದು ಕೇಳಿದ. ಆಗಸ್ಟಿಗೆ ಎಂದೆ. ಏನಾದರೂ ಮಾತಾಡಬೇಕಲ್ಲ ಎಂದು, ಈ ಸಲ ಅದರಲ್ಲಿ ಹೊಸ ಪಟ್ಟಿ ಇದೆ, ದರದ ಪ್ರಕಾರ ತೆರಿಗೆ ಎಷ್ಟು ಬರಬೇಕಿತ್ತು, ಬಂದದ್ದೆಷ್ಟು, ನಡುವಿನದ್ದು ಯಾಕೆ ಎಂದು ಸಾಲು ಸಾಲಾಗಿ ಬರೆದಿರುತ್ತದೆ ಎಂದು ಹೇಳಿದೆ. ಶಿವರಾಯ ತನ್ನ ಮೇಲೇ ನಗುವವನ ಹಾಗೆ ನಕ್ಕ.

"ಆವಾಗ್ಲೇ ಹಂಥಾದೊಂದು ಪಟ್ಟಿ ಇದ್ದಿದ್ರ, ಸಾಹೇಬ್ರ, ನನ್ನ ನೌಕರಿ ಉಳೀತಿತ್ತು."

ನಾನು ಹೌದು ಎಂದು ತಲೆಯಾಡಿಸಿ ಮೆಟ್ಟಿಲು ಇಳಿದೆ. ಆ ದಿನ ಅವನ ಮನೆಯಲ್ಲಿ ನಾನು ಒಪ್ಪಿಕೊಂಡ ನಿಜ ಅದೊಂದೇ.